ಐದು ಕೀ, ಏಳು ಮನೆ: ಹ್ಯಾಶ್ ಟೇಬಲ್ ಸ್ಲೈಡಿಗೆ ಯಾವ ಕೊಲಿಷನ್ ವಿಧಾನ ಆರಿಸಬೇಕು?

ಡೇಟಾ ಸ್ಟ್ರಕ್ಚರ್ಸ್ ಪಾಠಕ್ಕೆ ಸ್ಲೈಡ್ ಸಿದ್ಧಪಡಿಸುವವರು ಹ್ಯಾಶ್ ಟೇಬಲ್ ಹತ್ತಿರ ಬಂದಾಗ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ತಡವರಿಸುತ್ತಾರೆ. ಕೀಯನ್ನು ಹ್ಯಾಶ್ ಫಂಕ್ಷನ್‌ಗೆ ಕೊಟ್ಟರೆ ಟೇಬಲ್ಲಿನ ಒಂದು ಮನೆಯ ಸಂಖ್ಯೆ ಸಿಗುತ್ತದೆ, ನೇರವಾಗಿ ಅಲ್ಲಿಗೆ ಹೋಗಿ ನೋಡಬಹುದು. ಇಷ್ಟನ್ನು ಎರಡು ಸಾಲಿನಲ್ಲಿ ಹೇಳಿಬಿಡಬಹುದು. ಎರಡು ಕೀಗಳು ಒಂದೇ ಮನೆಗೆ ಬಂದರೆ, ಅಂದರೆ ಕೊಲಿಷನ್ ಅಥವಾ ಡಿಕ್ಕಿ ಆದರೆ, ಏನು ಮಾಡುವುದು ಎಂಬ ಪ್ರಶ್ನೆಗೆ ಮಾತ್ರ ಕನಿಷ್ಠ ನಾಲ್ಕು ಉತ್ತರಗಳಿವೆ: ಚೈನಿಂಗ್, ಲೀನಿಯರ್ ಪ್ರೋಬಿಂಗ್, ಕ್ವಾಡ್ರಾಟಿಕ್ ಪ್ರೋಬಿಂಗ್, ಡಬಲ್ ಹ್ಯಾಶಿಂಗ್. ನಾಲ್ಕನ್ನೂ ಒಂದೇ ಸ್ಲೈಡಿಗೆ ತುರುಕಿದರೆ ವಿದ್ಯಾರ್ಥಿಗೆ ನಾಲ್ಕು ಹೆಸರು ನೆನಪಿರುತ್ತದೆ, ಒಂದು ಕೀ ಎಲ್ಲಿ ಹೋಗಿ ಯಾಕೆ ಕೂತಿತು ಎಂಬುದು ನೆನಪಿರುವುದಿಲ್ಲ. ಆದ್ದರಿಂದ ಆರಿಸಲೇಬೇಕು. ಹೇಗೆ ಆರಿಸುವುದು ಎಂಬುದನ್ನು ಒಂದೇ ಪುಟ್ಟ ಉದಾಹರಣೆಯನ್ನು ನಾಲ್ಕೂ ವಿಧಾನಗಳಲ್ಲಿ ನಡೆಸಿ ಇಲ್ಲಿ ನೋಡೋಣ.

ಯಾವುದರಿಂದ ಅಳೆಯುವುದು

ಪ್ರೋಗ್ರಾಮಿಗೆ ಹ್ಯಾಶ್ ಟೇಬಲ್ ಆರಿಸುವಾಗ ವೇಗ ಮತ್ತು ಮೆಮೊರಿ ಮುಖ್ಯ. ಸ್ಲೈಡಿಗೆ ಆರಿಸುವಾಗ ಅಳತೆಗೋಲು ಬೇರೆ.

ಮೊದಲನೆಯದು, ವಿದ್ಯಾರ್ಥಿ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ ನೀವು ತೋರಿಸುವ ಮೊದಲೇ ಮುಂದಿನ ಮನೆಯನ್ನು ಊಹಿಸಬಲ್ಲನೇ ಎಂಬುದು. ಊಹಿಸಲು ಆಗದಿದ್ದರೆ ಅವನು ನೋಡುತ್ತ ಕೂರುತ್ತಾನೆ, ಅಷ್ಟೆ. ಎರಡನೆಯದು, ಪ್ರತಿ ಕೀ ತನ್ನ ಮನೆ ಬಿಟ್ಟು ಬೇರೆಡೆ ಕೂತ ಕಾರಣ ಚಿತ್ರದಲ್ಲೇ ಕಾಣುತ್ತದೆಯೇ ಎಂಬುದು. ಮೂರನೆಯದು, ಸೇರಿಸುವುದನ್ನು ತೋರಿಸಿದ ಅದೇ ಚಿತ್ರದ ಮೇಲೆ ಹುಡುಕುವುದನ್ನೂ ಅಳಿಸುವುದನ್ನೂ ತೋರಿಸಬಹುದೇ ಎಂಬುದು. ಬಹಳ ಸ್ಲೈಡುಗಳು ಸೇರಿಸುವುದರಲ್ಲೇ ನಿಂತುಬಿಡುತ್ತವೆ. ವಿಧಾನಗಳ ನಡುವಿನ ನಿಜವಾದ ವ್ಯತ್ಯಾಸ ಅಳಿಸುವಾಗ ಹೊರಬೀಳುತ್ತದೆ. ಕೊನೆಯದಾಗಿ, ಟೇಬಲ್ ತುಂಬುತ್ತ ಹೋದಂತೆ ಆ ವಿಧಾನಕ್ಕೆ ಏನಾಗುತ್ತದೆ ಎಂಬುದರ ಸುಳಿವು ಈ ಪುಟ್ಟ ಉದಾಹರಣೆಯಲ್ಲೇ ಸಿಗಬೇಕು.

ಕೀಗಳನ್ನು ಮೊದಲು ಆರಿಸಿ

ವಿಧಾನಕ್ಕಿಂತ ಮೊದಲು ಉದಾಹರಣೆಯ ಸಂಖ್ಯೆಗಳನ್ನು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಕೆಟ್ಟ ಸಂಖ್ಯೆಗಳನ್ನು ಆರಿಸಿದರೆ ಯಾವ ವಿಧಾನವೂ ಅರ್ಥವಾಗುವುದಿಲ್ಲ.

ಟೇಬಲ್ಲಿಗೆ ಹತ್ತು ಮನೆ ಕೊಟ್ಟು ಹತ್ತರಿಂದ ಭಾಗಿಸಿದ ಶೇಷ ತೆಗೆದುಕೊಳ್ಳುವ ಅಭ್ಯಾಸ ಬಹಳ ಇದೆ. ಲೆಕ್ಕ ಸುಲಭ ನಿಜ, ಆದರೆ ಕೊನೆಯ ಅಂಕಿಯೇ ಹ್ಯಾಶ್ ಎಂಬ ತಪ್ಪು ತಿಳಿವಳಿಕೆ ಅಲ್ಲಿಂದಲೇ ಹುಟ್ಟುತ್ತದೆ. ಜೊತೆಗೆ ಹತ್ತು ಅವಿಭಾಜ್ಯ ಸಂಖ್ಯೆಯಲ್ಲ. ಡಬಲ್ ಹ್ಯಾಶಿಂಗ್‌ನಲ್ಲಿ ಹೆಜ್ಜೆ 2 ಅಥವಾ 5 ಬಂದರೆ ಎಲ್ಲ ಮನೆಗಳನ್ನು ಮುಟ್ಟಲು ಆಗುವುದಿಲ್ಲ. ಏಳು ಮನೆ ಸಾಕು. ಏಳರ ಮಗ್ಗಿ ಎಲ್ಲರಿಗೂ ಬರುತ್ತದೆ, ಏಳು ಅವಿಭಾಜ್ಯ, ಏಳು ಸಾಲು ಸ್ಲೈಡಿನಲ್ಲಿ ದೊಡ್ಡ ಅಕ್ಷರದಲ್ಲಿ ಹಿಡಿಯುತ್ತದೆ.

ಕೀಗಳು ಈ ಕ್ರಮದಲ್ಲಿ ಬರಲಿ: 15, 22, 9, 29, 10. ಹ್ಯಾಶ್ ಫಂಕ್ಷನ್ `h(k) = k mod 7`.

```
k      15   22    9   29   10
h(k)    1    1    2    1    3
```

ಈ ಐದನ್ನು ಸುಮ್ಮನೆ ಆರಿಸಿದ್ದಲ್ಲ. 15, 22, 29 ಮೂರೂ ಮನೆ 1ಕ್ಕೆ ಬರುತ್ತವೆ. ಇದು ಎಲ್ಲರೂ ತೋರಿಸುವ ನೇರ ಡಿಕ್ಕಿ. ಆದರೆ 9ರ ಹ್ಯಾಶ್ 2, 10ರ ಹ್ಯಾಶ್ 3. ಆ ಎರಡಕ್ಕೆ ತಮ್ಮದೇ ಹ್ಯಾಶ್ ಇರುವ ಪ್ರತಿಸ್ಪರ್ಧಿ ಯಾರೂ ಇಲ್ಲ. ಹೀಗಿದ್ದೂ ಕೆಲವು ವಿಧಾನಗಳಲ್ಲಿ ಅವು ಮನೆ ಕಳೆದುಕೊಳ್ಳುತ್ತವೆ, ಕೆಲವು ವಿಧಾನಗಳಲ್ಲಿ ಇಲ್ಲ. ನಾಲ್ಕು ವಿಧಾನಗಳನ್ನು ಬೇರ್ಪಡಿಸುವುದು ಈ ಎರಡು ಕೀಗಳ ಗತಿ. ನಿಮ್ಮದೇ ಸಂಖ್ಯೆಗಳನ್ನು ಬಳಸುವುದಾದರೂ ಇಂಥ ಒಂದು ಕೀ ಇರುವಂತೆ ನೋಡಿಕೊಳ್ಳಿ.

ಕೀಗಳು ಧನ ಸಂಖ್ಯೆಗಳೇ ಇರಲಿ. ಸಿ ಮತ್ತು ಜಾವಾಗಳಲ್ಲಿ `-15 % 7` ಎಂದರೆ -1, ಪೈಥಾನಿನಲ್ಲಿ 6. ಆ ಚರ್ಚೆ ಈ ಸ್ಲೈಡಿಗೆ ಬೇಡ.

ಚೈನಿಂಗ್

ಇಲ್ಲಿ ಟೇಬಲ್ಲಿನ ಪ್ರತಿ ಮನೆಯಲ್ಲಿ ಒಂದು ಲಿಂಕ್ಡ್ ಲಿಸ್ಟಿನ ತಲೆ ಇರುತ್ತದೆ. ಒಂದೇ ಮನೆಗೆ ಬಂದವರೆಲ್ಲ ಆ ಸರಪಳಿಗೆ ಸೇರುತ್ತಾರೆ.

```
0:
1: 15 -> 22 -> 29
2: 9
3: 10
4:
5:
6:
```

ಡಿಕ್ಕಿ ಎಂದರೇನು ಎಂಬುದನ್ನು ಮಾತಿಲ್ಲದೆ ಹೇಳುವ ಚಿತ್ರ ಇದು. ಒಂದು ಮನೆಯ ಗದ್ದಲ ಪಕ್ಕದ ಮನೆಗೆ ತಟ್ಟುವುದಿಲ್ಲ: ಮನೆ 1ರಲ್ಲಿ ಮೂವರಿದ್ದರೂ 9 ಮತ್ತು 10 ತಮ್ಮ ಮನೆಯಲ್ಲೇ ಒಂದೊಂದು ಹೋಲಿಕೆಗೆ ಸಿಗುತ್ತವೆ. ಐದೂ ಕೀಗಳನ್ನು ಒಮ್ಮೊಮ್ಮೆ ಹುಡುಕಿದರೆ ಹೋಲಿಕೆಗಳು 1, 2, 1, 3, 1. ಒಟ್ಟು 8, ಸರಾಸರಿ 1.6. ಇಲ್ಲದ ಕೀ 36ನ್ನು ಹುಡುಕಿದರೆ ಮನೆ 1ರ ಸರಪಳಿಯ ಮೂರನ್ನೂ ನೋಡಿ ನಿಲ್ಲುತ್ತೇವೆ.

ಹೊಸ ಕೀಯನ್ನು ಸರಪಳಿಯ ತುದಿಗೆ ಸೇರಿಸುವುದೋ ತಲೆಗೆ ಸೇರಿಸುವುದೋ ಎಂಬುದನ್ನು ಸ್ಲೈಡಿನಲ್ಲಿ ಬರೆದೇ ಬಿಡಿ. ತಲೆಗೆ ಸೇರಿಸಿದರೆ ಚಿತ್ರ 29 -> 22 -> 15 ಆಗುತ್ತದೆ. ಒಟ್ಟು ಹೋಲಿಕೆ ಎಂಟೇ ಇರುತ್ತದೆ, ಆದರೆ 15ಕ್ಕೆ ಈಗ ಮೂರು ಬೇಕು. ಬರೆಯದೆ ಬಿಟ್ಟರೆ ಅರ್ಧ ತರಗತಿಯ ಉತ್ತರ ನಿಮ್ಮದಕ್ಕೆ ಹೊಂದುವುದಿಲ್ಲ. ತಲೆಗೆ ಸೇರಿಸುವುದು ಅಗ್ಗ ಎಂಬ ಮಾತು ಒಂದೇ ಕೀ ಎರಡು ಸಲ ಬರುವುದಿಲ್ಲ ಎಂದು ಗೊತ್ತಿದ್ದಾಗ ಮಾತ್ರ ನಿಜ. ಆ ಖಾತ್ರಿ ಇಲ್ಲದಿದ್ದರೆ ಸರಪಳಿಯನ್ನು ಪೂರ್ತಿ ನೋಡಲೇಬೇಕು, ನೋಡಿದ ಮೇಲೆ ತುದಿಯಲ್ಲೇ ಇರುತ್ತೇವೆ.

ಅಳಿಸುವುದು ಲಿಂಕ್ಡ್ ಲಿಸ್ಟಿನಿಂದ ತೆಗೆಯುವಷ್ಟೇ ಸರಳ. 22 ಹೋದರೆ 15ರ ಪಾಯಿಂಟರ್ 29ಕ್ಕೆ ತಿರುಗುತ್ತದೆ, ಬೇರೆ ಯಾವ ಕೀಗೂ ಇದರ ಸುದ್ದಿಯೇ ಇಲ್ಲ. ಟೇಬಲ್ ತುಂಬಿತು ಎಂಬ ಸ್ಥಿತಿಯೂ ಬರುವುದಿಲ್ಲ. ಏಳು ಮನೆಯಲ್ಲಿ ಇಪ್ಪತ್ತು ಕೀ ಇಡಬಹುದು, ಸರಪಳಿಗಳು ಉದ್ದವಾಗುತ್ತವೆ ಅಷ್ಟೆ.

ಇದರ ಬೆಲೆ ಮೆಮೊರಿಯಲ್ಲಿದೆ, ಅದು ಚಿತ್ರದಲ್ಲಿ ಕಾಣುವುದಿಲ್ಲ. 64 ಬಿಟ್ ಯಂತ್ರದಲ್ಲಿ ಕೀಗೆ 8 ಬೈಟ್, ಪಾಯಿಂಟರ್‌ಗೆ 8 ಬೈಟ್ ಎಂದುಕೊಳ್ಳಿ. ಏಳು ತಲೆಗಳಿಗೆ 56 ಬೈಟ್, ಐದು ಕೊಂಡಿಗಳಿಗೆ 80, ಒಟ್ಟು 136. ಮೆಮೊರಿ ಅಲೊಕೇಟರ್ ತನ್ನ ಲೆಕ್ಕಕ್ಕೆ ಹಿಡಿಯುವುದು ಇದರ ಮೇಲೆ. ಅದೇ ಕೀಗಳನ್ನು ಟೇಬಲ್ಲಿನ ಒಳಗೇ ಇಟ್ಟರೆ 56 ಬೈಟ್ ಸಾಕು, ಅದು ಪೂರ್ತಿಯಾಗಿ 64 ಬೈಟಿನ ಒಂದು ಕ್ಯಾಶ್ ಲೈನಿನಲ್ಲಿ ಹಿಡಿಯಬಹುದು. ಸರಪಳಿಯ ಕೊಂಡಿಗಳೋ ಮೆಮೊರಿಯಲ್ಲಿ ಎಲ್ಲೆಲ್ಲೋ ಇರುತ್ತವೆ. ಹೋಲಿಕೆಗಳ ಸಂಖ್ಯೆ ಕಡಿಮೆ ಎಂದ ಮಾತ್ರಕ್ಕೆ ಚೈನಿಂಗ್ ವೇಗ ಎಂದು ಸ್ಲೈಡಿನಲ್ಲಿ ಬರೆಯಬಾರದು ಎನ್ನುವುದು ಇದಕ್ಕೇ.

ಲೀನಿಯರ್ ಪ್ರೋಬಿಂಗ್

ಇಲ್ಲಿ ಸರಪಳಿ ಇಲ್ಲ, ಎಲ್ಲ ಕೀಗಳೂ ಟೇಬಲ್ಲಿನ ಒಳಗೇ. ಮನೆ ತುಂಬಿದ್ದರೆ ಪಕ್ಕದ ಮನೆ, ಅದೂ ತುಂಬಿದ್ದರೆ ಅದರ ಪಕ್ಕದ್ದು. ಹೀಗೆ ಒಂದು ಮನೆಯನ್ನು ನೋಡುವುದೇ ಒಂದು ಪ್ರೋಬ್. ಮನೆ 6 ಆದಮೇಲೆ ಮತ್ತೆ 0. 1954ರಲ್ಲಿ ಐಬಿಎಂ 701 ಯಂತ್ರದ ಅಸೆಂಬ್ಲರಿಗಾಗಿ ಜೀನ್ ಆಮ್ಡಾಲ್, ಇಲೇನ್ ಮೆಕ್‌ಗ್ರಾ ಮತ್ತು ಆರ್ಥರ್ ಸ್ಯಾಮ್ಯುಯೆಲ್ ಬಳಸಿದ ವಿಧಾನ ಇದು, ಇವತ್ತಿಗೂ ಬಳಕೆಯಲ್ಲಿದೆ. ಒಂದೊಂದು ಕೀ ಸೇರಿದ ಮೇಲೆ ಟೇಬಲ್ ಹೇಗಿರುತ್ತದೆ ಎಂಬುದನ್ನು ಒಂದೊಂದು ಕಾಲಮ್ಮಿನಲ್ಲಿ ಬರೆದರೆ ಇಡೀ ಓಟ ಒಂದೇ ಸ್ಲೈಡಿನಲ್ಲಿ ಹಿಡಿಯುತ್ತದೆ:

```
       15   22    9   29   10
0       .    .    .    .    .
1      15   15   15   15   15
2       .   22   22   22   22
3       .    .    9    9    9
4       .    .    .   29   29
5       .    .    .    .   10
6       .    .    .    .    .
---------------------------------
ಪ್ರೋಬ್   1    2    2    4    3
```

ಈಗ ಕೊನೆಯ ಕಾಲಮ್ಮನ್ನು ನಿಧಾನವಾಗಿ ಓದಿಸಿ. 10ರ ಸ್ವಂತ ಮನೆ 3. ಆ ಮನೆ ಬೇಕೆನ್ನುವ ಇನ್ನೊಂದು ಕೀ ಇಡೀ ಪಟ್ಟಿಯಲ್ಲೇ ಇಲ್ಲ. ಅಲ್ಲಿ ಕೂತಿರುವ 9 ತನ್ನ ಮನೆ 2ರಿಂದ ಹೊರಬಿದ್ದು ಬಂದದ್ದು, 9ನ್ನು ಹೊರದಬ್ಬಿದ 22 ಮನೆ 1ರಿಂದ ಬಂದದ್ದು. ಮನೆ 1ರಲ್ಲಿ ಆದ ಡಿಕ್ಕಿಯ ಬೆಲೆಯನ್ನು ಮನೆ 3ರವನು ಮೂರು ಪ್ರೋಬ್ ಕೊಟ್ಟು ತೆರುತ್ತಿದ್ದಾನೆ. ಪ್ರೈಮರಿ ಕ್ಲಸ್ಟರಿಂಗ್ ಎಂಬ ಹೆಸರನ್ನು ಇಲ್ಲಿ, ಈ ಕೀಯನ್ನು ತೋರಿಸಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಅದು ಬಾಯಿಪಾಠದ ವಾಕ್ಯವಾಗಿ ಉಳಿಯುತ್ತದೆ. ಮನೆ 1ರಿಂದ 5ರವರೆಗೆ ಈಗ ಒಂದೇ ಉದ್ದನೆಯ ಗುಂಪು. ಮುಂದಿನ ಕೀಯ ಹ್ಯಾಶ್ 1ರಿಂದ 6ರವರೆಗೆ ಯಾವುದೇ ಬಂದರೂ ಅದು ಮನೆ 6ಕ್ಕೇ ಬಂದು ಕೂರುತ್ತದೆ. ಏಳರಲ್ಲಿ ಆರು ಸಾಧ್ಯತೆಗಳು ಗುಂಪನ್ನು ಇದೇ ತುದಿಯಲ್ಲಿ ಬೆಳೆಸುತ್ತವೆ. ಗುಂಪು ಬೆಳೆದಷ್ಟೂ ಇನ್ನೂ ಬೇಗ ಬೆಳೆಯುತ್ತದೆ ಎನ್ನುವುದರ ಅರ್ಥ ಇದು.

ಒಟ್ಟು ಪ್ರೋಬ್ 12, ಸರಾಸರಿ 2.4. ಇಲ್ಲದ 36ನ್ನು ಹುಡುಕಿದರೆ 1, 2, 3, 4, 5 ಮನೆಗಳನ್ನು ದಾಟಿ ಖಾಲಿ ಮನೆ 6 ಸಿಕ್ಕಾಗ ನಿಲ್ಲುತ್ತೇವೆ, ಆರು ಪ್ರೋಬ್. ಚೈನಿಂಗ್‌ನಲ್ಲಿ ಇದೇ ಹುಡುಕಾಟಕ್ಕೆ ಮೂರು ಹೋಲಿಕೆ ಸಾಕಾಗಿತ್ತು.

ಅಳಿಸುವಾಗ ಆಗುವ ಅನಾಹುತ

ಸಮಯ ಎಷ್ಟೇ ಕಡಿಮೆ ಇದ್ದರೂ ಇದನ್ನು ಬಿಡಬೇಡಿ. ಮೇಲಿನ ಟೇಬಲ್ಲಿನಿಂದ 22ನ್ನು ಅಳಿಸಿ ಮನೆ 2ನ್ನು ಖಾಲಿ ಎಂದು ಬಿಟ್ಟೆವು ಎನ್ನಿ. ಹುಡುಕುವ ಕೋಡ್ ಹೀಗಿದೆ:

```c
int find(int k) {
    int i = k % 7;
    for (int n = 0; n < 7; n++) {
        if (t[i] == EMPTY) return -1;
        if (t[i] == k) return i;
        i = (i + 1) % 7;
    }
    return -1;
}
```

29ನ್ನು ಹುಡುಕಿ. ಮನೆ 1ರಲ್ಲಿ 15 ಇದೆ, ಮುಂದೆ. ಮನೆ 2 ಖಾಲಿ, ಇಲ್ಲ ಎಂಬ ಉತ್ತರ ಬಂತು. 29 ಮನೆ 4ರಲ್ಲಿ ಕೂತೇ ಇದೆ. 9ನ್ನು ಹುಡುಕಿದರೆ ಮೊದಲ ಮನೆಯೇ ಖಾಲಿ, ಅದೂ ಇಲ್ಲ. 10 ಮಾತ್ರ ಸಿಗುತ್ತದೆ, ಏಕೆಂದರೆ ಅದರ ದಾರಿ ಮನೆ 3ರಿಂದ ಶುರು. ಒಂದು ಕೀ ಅಳಿಸಿದ್ದಕ್ಕೆ ಎರಡು ಬೇರೆ ಕೀಗಳು ಕಣ್ಮರೆಯಾದವು. ಪ್ರೋಗ್ರಾಮ್ ನಿಲ್ಲಲೂ ಇಲ್ಲ, ದೋಷದ ಸಂದೇಶವೂ ಬರಲಿಲ್ಲ. ಅಳಿಸಿದ ಮೇಲೆ ಉಳಿದ ಪ್ರತಿ ಕೀಯನ್ನೂ ಒಮ್ಮೆ ಹುಡುಕಿ ನೋಡುವ ಪರೀಕ್ಷೆ ಬರೆದಿದ್ದರೆ ಮಾತ್ರ ಇದು ಗೊತ್ತಾಗುತ್ತದೆ.

ಪರಿಹಾರ ಎರಡು ಬಗೆ. ಮೊದಲನೆಯದು, ಖಾಲಿ ಎನ್ನುವ ಬದಲು ಅಳಿಸಿದೆ ಎಂಬ ಗುರುತು ಇಡುವುದು. `DELETED` ಎಂಬ ಬೆಲೆ `EMPTY` ಅಲ್ಲ, ಯಾವ ಕೀಯೂ ಅಲ್ಲ. ಹಾಗಾಗಿ ಮೇಲಿನ ಕೋಡ್ ಒಂದು ಅಕ್ಷರವೂ ಬದಲಾಗದೆ ಅದನ್ನು ದಾಟಿ ಮುಂದೆ ಹೋಗುತ್ತದೆ. ಬದಲಾಗಬೇಕಾದದ್ದು ಸೇರಿಸುವ ಕೋಡ್, ಹೆಚ್ಚಿನವರು ಎಡವುವುದೂ ಅಲ್ಲೇ. ಮನೆ 2ರಲ್ಲಿ ಗುರುತು ಇದ್ದಾಗ 29ನ್ನು ಮತ್ತೊಮ್ಮೆ ಸೇರಿಸಲು ಬಂದಿತು ಎನ್ನಿ. ಮನೆ 1 ತುಂಬಿದೆ, ಮನೆ 2 ಸಿಕ್ಕಿತು ಎಂದು ಕೂಡಲೇ ಬರೆದರೆ 29 ಈಗ ಮನೆ 2ರಲ್ಲೂ ಇದೆ, 4ರಲ್ಲೂ ಇದೆ. ಮುಂದೆ ಒಮ್ಮೆ ಅಳಿಸಿದಾಗ ಮನೆ 2ರದ್ದು ಹೋಗುತ್ತದೆ, ಮನೆ 4ರಲ್ಲಿರುವ ಹಳೆಯದು ಉಳಿದು ಸಿಗುತ್ತಲೇ ಇರುತ್ತದೆ. ಸರಿಯಾದ ಕ್ರಮವೆಂದರೆ ಮೊದಲು ಸಿಕ್ಕ ಗುರುತಿನ ಮನೆಯನ್ನು ನೆನಪಿಟ್ಟುಕೊಂಡು, ಅದೇ ಕೀ ಅಥವಾ ನಿಜವಾದ ಖಾಲಿ ಮನೆ ಸಿಗುವವರೆಗೆ ಮುಂದೆ ಹೋಗಿ, ಕೀ ಇಲ್ಲವೆಂದು ಖಚಿತವಾದ ಮೇಲೆ ನೆನಪಿಟ್ಟ ಮನೆಗೆ ಬರೆಯುವುದು. ಗುರುತುಗಳು ಸೇರುತ್ತ ಹೋದರೆ ಟೇಬಲ್ಲಿನಲ್ಲಿ ಕೀಗಳು ಕಡಿಮೆ ಇದ್ದರೂ ಹುಡುಕಾಟ ನಿಧಾನವಾಗುತ್ತದೆ, ಆಗ ಟೇಬಲ್ಲನ್ನು ಹೊಸದಾಗಿ ಕಟ್ಟಬೇಕು.

ಎರಡನೆಯದು, ಹಿಂದಕ್ಕೆ ಸರಿಸುವುದು. 22 ಹೋಗಿ ಮನೆ 2 ಖಾಲಿಯಾಯಿತು. ಮನೆ 3ರ 9ರ ಸ್ವಂತ ಮನೆ 2, ಅದು ಅಲ್ಲಿಗೆ ಬರಬಹುದು. ಈಗ 3 ಖಾಲಿ. ಮನೆ 4ರ 29ರ ಸ್ವಂತ ಮನೆ 1, ಅದು 3ಕ್ಕೆ ಬರಬಹುದು. ಈಗ 4 ಖಾಲಿ. ಮನೆ 5ರ 10ರ ಸ್ವಂತ ಮನೆ 3, ಅದು 4ಕ್ಕೆ ಬರಬಹುದು. ಮನೆ 6 ಮೊದಲೇ ಖಾಲಿ, ಕೆಲಸ ಮುಗಿಯಿತು: 1ರಲ್ಲಿ 15, 2ರಲ್ಲಿ 9, 3ರಲ್ಲಿ 29, 4ರಲ್ಲಿ 10. ನಿಯಮ ಇಷ್ಟೇ: ಯಾವ ಕೀಯೂ ತನ್ನ ಸ್ವಂತ ಮನೆಗಿಂತ ಹಿಂದಕ್ಕೆ ಹೋಗಬಾರದು. ಹಾಗೆ ಹೋಗಬೇಕಾದ ಕೀ ಸಿಕ್ಕರೆ ಅದನ್ನು ಅಲ್ಲೇ ಬಿಟ್ಟು ಮುಂದಿನದನ್ನು ನೋಡಬೇಕು, ಅಲ್ಲಿಗೇ ನಿಲ್ಲಿಸಬಾರದು. ಗುರುತುಗಳ ಕಸ ಇಲ್ಲದ ವಿಧಾನ ಇದು, ಆದರೆ ಲೀನಿಯರ್ ಪ್ರೋಬಿಂಗ್‌ಗೆ ಮಾತ್ರ ಹೀಗೆ ಸುಲಭವಾಗಿ ಒಗ್ಗುತ್ತದೆ.

ಪರಿಚಯದ ತರಗತಿಗೆ ಗುರುತಿನ ವಿಧಾನವೇ ಸಾಕು. ಕೋಡ್ ಬರೆಸುವ ತರಗತಿಯಾದರೆ ಎರಡನೆಯದನ್ನೂ ತೋರಿಸಿ.

ಕ್ವಾಡ್ರಾಟಿಕ್ ಪ್ರೋಬಿಂಗ್

ಪಕ್ಕದ ಮನೆಗೆ ಹೋಗುವ ಬದಲು ಸ್ವಂತ ಮನೆಯಿಂದ 1, 4, 9 ಹೀಗೆ ವರ್ಗಸಂಖ್ಯೆಗಳಷ್ಟು ದೂರ ಜಿಗಿಯುವುದು: `(h(k) + i*i) mod 7`. ಪ್ರತಿ ಸಲ ದೂರವನ್ನು ಸ್ವಂತ ಮನೆಯಿಂದ ಎಣಿಸಬೇಕು, ಕೊನೆಗೆ ನಿಂತ ಮನೆಯಿಂದಲ್ಲ. ಕೈಲೆಕ್ಕದಲ್ಲಿ ತಪ್ಪುವುದು ಹೆಚ್ಚಾಗಿ ಇಲ್ಲಿ.

ನಮ್ಮ ಐದು ಕೀಗಳಲ್ಲಿ 15 ಮನೆ 1ಕ್ಕೆ, 22 ಮನೆ 2ಕ್ಕೆ, 9 ಮನೆ 3ಕ್ಕೆ ಹೋಗುತ್ತವೆ. 29ಕ್ಕೆ 1 ಮತ್ತು 2 ತುಂಬಿವೆ, 1 + 4 ಎಂದರೆ ಮನೆ 5 ಖಾಲಿ. 10ಕ್ಕೆ 3 ತುಂಬಿದೆ, ಮನೆ 4 ಖಾಲಿ. ಒಟ್ಟು ಪ್ರೋಬ್ 10. ಗುಂಪು ಸ್ವಲ್ಪ ಒಡೆಯಿತು, 29 ದೂರ ಹಾರಿದ್ದರಿಂದ 10 ಒಂದು ಪ್ರೋಬ್ ಉಳಿಸಿತು.

ಈ ವಿಧಾನದಲ್ಲಿ ತೋರಿಸಲೇಬೇಕಾದದ್ದು ಆರನೆಯ ಕೀ. 36ನ್ನು ಸೇರಿಸಲು ಹೇಳಿ. ಅದರ ಹ್ಯಾಶ್ 1. ದಾರಿ ಹೀಗೆ:

```
i             0   1   2   3   4   5   6
(1+i*i)mod 7  1   2   5   3   3   5   2
```

1, 2, 5, 3 ಎಂಬ ನಾಲ್ಕೇ ಮನೆಗಳು ಮತ್ತೆ ಮತ್ತೆ ಬರುತ್ತಿವೆ, ನಾಲ್ಕೂ ತುಂಬಿವೆ. ಮನೆ 0 ಮತ್ತು 6 ಖಾಲಿ ಬಿದ್ದಿದ್ದರೂ 36ಕ್ಕೆ ಅಲ್ಲಿಗೆ ದಾರಿಯೇ ಇಲ್ಲ. ಪ್ರಯತ್ನಗಳಿಗೆ ಮಿತಿ ಹಾಕದ ಕೋಡಾದರೆ ಕೊನೆಯಿಲ್ಲದ ಲೂಪಿಗೆ ಬೀಳುತ್ತದೆ. ಟೇಬಲ್ಲಿನ ಗಾತ್ರ ಅವಿಭಾಜ್ಯವಾಗಿದ್ದು ಅರ್ಧಕ್ಕಿಂತ ಹೆಚ್ಚು ತುಂಬದಿದ್ದರೆ ಜಾಗ ಖಂಡಿತ ಸಿಗುತ್ತದೆ ಎಂಬ ನಿಯಮ ಎಲ್ಲಿಂದ ಬಂತೆಂಬುದು ಈ ಒಂದು ಸಾಲಿನಲ್ಲೇ ಇದೆ: ಏಳು ಮನೆಯಲ್ಲಿ ಮುಟ್ಟಲು ಸಾಧ್ಯವಾಗುವುದು ನಾಲ್ಕು, ಮೂರು ಕೀಗಳವರೆಗೆ ಭಯವಿಲ್ಲ.

ಡಬಲ್ ಹ್ಯಾಶಿಂಗ್

ಇಲ್ಲಿ ಹೆಜ್ಜೆಯ ಉದ್ದವನ್ನು ಎರಡನೆಯ ಹ್ಯಾಶ್ ಫಂಕ್ಷನ್ ನಿರ್ಧರಿಸುತ್ತದೆ. ಒಂದೇ ಮನೆಯಿಂದ ಹೊರಟ ಎರಡು ಕೀಗಳು ಸಾಮಾನ್ಯವಾಗಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಹೆಜ್ಜೆ ಎಂದೂ ಸೊನ್ನೆಯಾಗಬಾರದು, ಸೊನ್ನೆಯಾದರೆ ಅದೇ ಮನೆಯಲ್ಲೇ ಸುತ್ತುತ್ತ ಉಳಿಯುತ್ತೇವೆ. `h2(k) = 5 - (k mod 5)` ಎಂದು ತೆಗೆದುಕೊಂಡರೆ ಹೆಜ್ಜೆಗಳು ಕ್ರಮವಾಗಿ 5, 3, 1, 1, 5. 15 ಮನೆ 1ಕ್ಕೆ; 22 ಮೂರು ಹೆಜ್ಜೆ ಹಾರಿ 4ಕ್ಕೆ; 9 ತನ್ನ ಮನೆ 2ರಲ್ಲೇ; 29ಕ್ಕೆ 1, 2 ತುಂಬಿ 3; 10ಕ್ಕೆ 3, 1 ತುಂಬಿ 6. ಒಟ್ಟು 10 ಪ್ರೋಬ್.

ಕ್ವಾಡ್ರಾಟಿಕ್‌ಗೂ ಹತ್ತು, ಇದಕ್ಕೂ ಹತ್ತು. ಹಾಗಾದರೆ ಲಾಭವೇನು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಖಂಡಿತ. ಇದೇ ಕೀಗಳಿಗೆ `h2(k) = 1 + (k mod 6)` ಬಳಸಿದರೆ 22 ಮನೆ 6ಕ್ಕೆ, 29 ಮನೆ 0ಗೆ ಹೋಗುತ್ತವೆ, 9 ಮತ್ತು 10 ತಮ್ಮ ಮನೆಯಲ್ಲೇ ಕೂರುತ್ತವೆ, ಒಟ್ಟು 7ಕ್ಕೆ ಇಳಿಯುತ್ತದೆ. ಐದು ಕೀಗಳ ಮೊತ್ತ ಆ ಐದು ಕೀಗಳ ಬಗ್ಗೆ ಮಾತ್ರ ಹೇಳುತ್ತದೆ, ವಿಧಾನದ ಬಗ್ಗೆ ಅಲ್ಲ. 7 ಬರುವ ಫಂಕ್ಷನ್ನನ್ನು ಆರಿಸಿ ಡಬಲ್ ಹ್ಯಾಶಿಂಗ್ ಗೆದ್ದಿತು ಎಂದು ತೋರಿಸುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯ.

ನಾಲ್ಕರಲ್ಲಿ ಊಹಿಸಲು ಅತಿ ಕಷ್ಟವಾದದ್ದೂ ಇದೇ. ಪ್ರತಿ ಕೀಗೆ ಎರಡು ಭಾಗಾಕಾರ, ಮೇಲೆ ಸುತ್ತಿ ಬರುವ ಕೂಡಿಕೆ. ಅಳಿಸಿದಾಗ ಗುರುತು ಇಡುವುದೇ ದಾರಿ. ಹಿಂದಕ್ಕೆ ಸರಿಸುವುದು ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಖಾಲಿಯಾದ ಮನೆಯ ಮೂಲಕ ಯಾವ ಕೀಗಳ ದಾರಿ ಹಾದುಹೋಗಿತ್ತು ಎಂಬುದು ಪಕ್ಕದ ಮನೆ ನೋಡಿದರೆ ಗೊತ್ತಾಗುವುದಿಲ್ಲ.

ತುಂಬುತ್ತ ಹೋದಂತೆ

ವಿಧಾನಗಳ ನಿಜವಾದ ಹೋಲಿಕೆಗೆ ಲೋಡ್ ಫ್ಯಾಕ್ಟರ್ ಬೇಕು: ಕೀಗಳ ಸಂಖ್ಯೆಯನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿದ್ದು, ನಮ್ಮಲ್ಲಿ 5/7, ಸುಮಾರು 0.71. ಅದನ್ನು a ಎಂದು ಕರೆದರೆ, ದೊಡ್ಡ ಟೇಬಲ್ಲಿನಲ್ಲಿ ಇಲ್ಲದ ಕೀಯನ್ನು ಹುಡುಕಲು ಬೇಕಾಗುವ ಸರಾಸರಿ ಪ್ರೋಬ್ ಲೀನಿಯರ್‌ಗೆ `(1 + 1/(1-a)^2) / 2`, ಡಬಲ್ ಹ್ಯಾಶಿಂಗ್‌ಗೆ ಸುಮಾರು `1/(1-a)`. ಸೂತ್ರಕ್ಕಿಂತ ಮೂರು ಸಾಲಿನ ಪಟ್ಟಿ ಸ್ಲೈಡಿಗೆ ಚೆನ್ನ:

```
a       ಲೀನಿಯರ್    ಡಬಲ್
0.50      2.5         2
0.75      8.5         4
0.90     50.5        10
```

ಅರ್ಧ ತುಂಬಿದಾಗ ವ್ಯತ್ಯಾಸ ಇಲ್ಲವೇ ಇಲ್ಲ ಎನ್ನಬಹುದು, ಆಗ ಪಕ್ಕದ ಮನೆಯೇ ಕ್ಯಾಶ್‌ನಲ್ಲಿ ಸಿಗುವ ಲೀನಿಯರ್ ಮುಂದೆ ಬರುವುದು ಸಾಮಾನ್ಯ. 0.9ಕ್ಕೆ ಬಂದಾಗ ಮಾತು ಪೂರ್ತಿ ಬದಲು. ಚೈನಿಂಗ್‌ನಲ್ಲಿ ಇದೇ ಹುಡುಕಾಟಕ್ಕೆ ಸರಾಸರಿ a ಹೋಲಿಕೆಗಳು ಮಾತ್ರ, ಅಂದರೆ 0.9ರಲ್ಲೂ ಒಂದಕ್ಕಿಂತ ಕಡಿಮೆ. ಆದರೆ ಹೋಲಿಕೆ ಮತ್ತು ಪ್ರೋಬ್ ಬೇರೆ ಬೇರೆ ಎಣಿಕೆಗಳು, ಖಾಲಿ ಮನೆಯನ್ನು ನೋಡಿದ್ದು ಪ್ರೋಬ್ ಲೆಕ್ಕಕ್ಕೆ ಸೇರುತ್ತದೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ.

ಬಳಕೆಯಲ್ಲಿರುವ ಲೈಬ್ರರಿಗಳೂ ಇದನ್ನೇ ಹೇಳುತ್ತವೆ. ಜಾವಾದ `HashMap` ಚೈನಿಂಗ್ ಬಳಸುತ್ತದೆ, 16 ಮನೆಗಳಿಂದ ಶುರುವಾಗಿ 0.75 ದಾಟಿದಾಗ ದ್ವಿಗುಣವಾಗುತ್ತದೆ. ಜಾವಾ 8ರಿಂದ ಬಹಳ ಉದ್ದವಾದ ಸರಪಳಿ ಮರವಾಗಿ ಬದಲಾಗುತ್ತದೆ. ಪೈಥಾನಿನ `dict` ಟೇಬಲ್ಲಿನ ಒಳಗೇ ಜಾಗ ಹುಡುಕುವ ಬಗೆಯದು. ಅದರ ಎಂಟು ಮನೆಯ ಟೇಬಲ್ಲಿನಲ್ಲಿ ಐದು ಕೀಗಳಿಗೆ ಮಾತ್ರ ಅವಕಾಶ, ಆರನೆಯದಕ್ಕೆ ಟೇಬಲ್ ಬೆಳೆಯುತ್ತದೆ.

ಬೆಳೆಸುವಾಗ ಒಂದು ಎಚ್ಚರಿಕೆ. ಏಳು ಮನೆಯ ಟೇಬಲ್ಲನ್ನು 17ಕ್ಕೆ ಏರಿಸಿದರೆ ಪ್ರತಿ ಕೀಯ ಶೇಷವನ್ನು ಮತ್ತೆ ತೆಗೆಯಬೇಕು: 15 ಮನೆ 15ಕ್ಕೆ, 22 ಮನೆ 5ಕ್ಕೆ, 9 ಮನೆ 9ಕ್ಕೆ, 29 ಮನೆ 12ಕ್ಕೆ, 10 ಮನೆ 10ಕ್ಕೆ. ಒಂದೂ ಡಿಕ್ಕಿ ಇಲ್ಲ. ಹಳೆಯ ಅರೇಯನ್ನು ಹಾಗೇ ನಕಲು ಮಾಡಿದರೆ 15 ಇನ್ನೂ ಮನೆ 1ರಲ್ಲೇ ಇರುತ್ತದೆ, ಹುಡುಕುವವನು ಮನೆ 15ಕ್ಕೆ ಹೋಗಿ ಬರಿಗೈಯಲ್ಲಿ ಮರಳುತ್ತಾನೆ.

ನಿಮ್ಮ ಸಮಯಕ್ಕೆ ಯಾವುದು

ಒಂದೇ ಸ್ಲೈಡ್, ಹತ್ತು ನಿಮಿಷ, ಕೇಳುವವರು ಹೊಸಬರು ಎಂದಾದರೆ ಚೈನಿಂಗ್ ಮಾತ್ರ ತೋರಿಸಿ. ಲಿಂಕ್ಡ್ ಲಿಸ್ಟ್ ಅವರಿಗೆ ಮೊದಲೇ ಗೊತ್ತಿರುತ್ತದೆ, ಸೇರಿಸುವುದು, ಹುಡುಕುವುದು, ಅಳಿಸುವುದು ಮೂರೂ ಒಂದೇ ಚಿತ್ರದಲ್ಲಿ ಮುಗಿಯುತ್ತವೆ. ಲಿಂಕ್ಡ್ ಲಿಸ್ಟ್ ಇನ್ನೂ ಬಂದಿಲ್ಲ, ಅರೇ ಮಾತ್ರ ಗೊತ್ತು ಎಂದಾದರೆ ಲೀನಿಯರ್ ಪ್ರೋಬಿಂಗ್ ಆರಿಸಿ, ಆದರೆ 22ನ್ನು ಅಳಿಸುವ ಭಾಗಕ್ಕೆ ಮೂರು ನಿಮಿಷ ಮೀಸಲಿಡಿ.

ಎರಡು ಸ್ಲೈಡ್ ಸಿಕ್ಕರೆ ಅದೇ ಐದು ಕೀಗಳನ್ನು ಅದೇ ಕ್ರಮದಲ್ಲಿ ಚೈನಿಂಗ್ ಮತ್ತು ಲೀನಿಯರ್ ಎರಡರಲ್ಲೂ ನಡೆಸುವುದು ಹೆಚ್ಚಿನ ತರಗತಿಗಳಿಗೆ ನನ್ನ ಆಯ್ಕೆ. ಕೀಗಳನ್ನಾಗಲಿ ಕ್ರಮವನ್ನಾಗಲಿ ಬದಲಿಸಬೇಡಿ. ಒಂದು ಸ್ಲೈಡಿನಲ್ಲಿ ಒಂದೇ ನೋಟಕ್ಕೆ ಸಿಗುವ 10 ಮತ್ತೊಂದರಲ್ಲಿ ಮೂರು ಪ್ರೋಬ್ ಕೇಳುವುದನ್ನು ಅಕ್ಕಪಕ್ಕ ನೋಡಿದರೆ ಉಳಿದ ವಿವರಣೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಪರೀಕ್ಷೆಯ ಪಠ್ಯಕ್ರಮದಲ್ಲಿ ನಾಲ್ಕೂ ಇದ್ದರೆ ಮೂರನೆಯ ಸ್ಲೈಡಿನಲ್ಲಿ ಕ್ವಾಡ್ರಾಟಿಕ್‌ನ 36 ಸಿಕ್ಕಿಬೀಳುವ ಸಾಲನ್ನೂ ಡಬಲ್ ಹ್ಯಾಶಿಂಗ್‌ನ ಕೊನೆಯ ಸ್ಥಿತಿಯನ್ನೂ ಕೊಡಿ, ಪೂರ್ತಿ ಓಟವನ್ನು ಮನೆಲೆಕ್ಕಕ್ಕೆ ಬಿಡಿ. ಸಿಸ್ಟಮ್ಸ್ ಕಡೆ ವಾಲಿದ ತರಗತಿಯಾದರೆ ಲೀನಿಯರ್ ಪ್ರೋಬಿಂಗ್, ಹಿಂದಕ್ಕೆ ಸರಿಸುವ ಅಳಿಸುವಿಕೆ, ಲೋಡ್ ಫ್ಯಾಕ್ಟರಿನ ಪಟ್ಟಿ ಈ ಮೂರಕ್ಕೆ ಸಮಯ ಕೊಟ್ಟು ಕ್ವಾಡ್ರಾಟಿಕ್ ಅನ್ನು ಬಿಟ್ಟುಬಿಡಬಹುದು.

ಅನಿಮೇಷನ್ ಮಾಡಬೇಕೋ ಕಾಲಮ್ಮುಗಳ ಪಟ್ಟಿಯೋ ಎಂಬ ಗೊಂದಲ ಇದ್ದರೆ ಪಟ್ಟಿಯನ್ನೇ ಆರಿಸಿ. ಅನಿಮೇಷನ್ ಮುಗಿದ ಮೇಲೆ ಕೊನೆಯ ಸ್ಥಿತಿ ಮಾತ್ರ ಪರದೆಯಲ್ಲಿ ಉಳಿಯುತ್ತದೆ. ಪಿಡಿಎಫ್ ಆಗಿ ಹಂಚಿದಾಗ ಹೆಜ್ಜೆಗಳು ಮಾಯವಾಗುತ್ತವೆ ಅಥವಾ ಒಂದರ ಮೇಲೊಂದು ಮುದ್ರಣವಾಗುತ್ತವೆ. ಮನೆಯ ಸಂಖ್ಯೆಯನ್ನು ಚೌಕದ ಹೊರಗೆ ಸಣ್ಣದಾಗಿ, ಕೀಯನ್ನು ಒಳಗೆ ದಪ್ಪಕ್ಷರದಲ್ಲಿ ಬರೆಯಿರಿ, ಇಲ್ಲದಿದ್ದರೆ ಇಂಡೆಕ್ಸ್ 3 ಮತ್ತು ಕೀ 9 ಪಕ್ಕಪಕ್ಕ ನಿಂತು 39 ಎಂದು ಓದಿಸಿಕೊಳ್ಳುತ್ತವೆ. ಆಯಾ ಹೆಜ್ಜೆಯಲ್ಲಿ ಹೊಸದಾಗಿ ಬಂದ ಕೀಗೆ ಬಣ್ಣದ ಜೊತೆಗೆ ಅಡಿಗೆರೆಯೂ ಇರಲಿ. ಕಪ್ಪುಬಿಳುಪು ಪ್ರತಿಯಲ್ಲಿ ಬಣ್ಣ ಉಳಿಯುವುದಿಲ್ಲ. ಕೊನೆಯ ಸಾಲಿನ ಪ್ರೋಬ್ ಎಣಿಕೆಯನ್ನು ಮಾತ್ರ ಮೊದಲಿಗೆ ಖಾಲಿ ಬಿಡಿ, ಅದನ್ನು ತರಗತಿಯವರೇ ತುಂಬಲಿ.